ಕನ್ನಡಕದ ಡಬ್ಬಿಯಲ್ಲಿದ್ದ ನಿದ್ದೆ ಮಾತ್ರೆ

ಅವರ ಫೈಲಿನ ಮೊದಲ ಪುಟದಲ್ಲಿ ‘ನಿತ್ಯ ತೆಗೆದುಕೊಳ್ಳುವ ಔಷಧಿ’ ಎಂಬ ಸಾಲಿದೆ. ಅದರ ಎದುರು ‘ಅಮ್ಲೋಡಿಪಿನ್ 5 ಮಿ.ಗ್ರಾಂ, ಬೆಳಿಗ್ಗೆ ಒಂದು. ಬೇರೇನೂ ಇಲ್ಲ’ ಎಂದು ಬರೆದಿದೆ. ಆ ಅಕ್ಷರ ನನ್ನದು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ತಪಾಸಣೆ ಮಾಡಿದವಳು ನಾನೇ. ‘ಬೇರೇನೂ ಇಲ್ಲ’ ಎನ್ನುವ ಆ ಎರಡು ಪದ ತಪ್ಪಾಗಿದ್ದವು ಎಂದು ಗೊತ್ತಾಗಲು ನಾಲ್ಕು ದಿನ ಬೇಕಾಯಿತು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 64. ವಾರ್ಡಿನಲ್ಲಿ ಎಲ್ಲರೂ ಟೀಚರಮ್ಮ ಅಂತಲೇ ಕರೆದರು, ನಾನೂ ಹಾಗೇ ಕರೆಯುತ್ತೇನೆ. ಎರಡೂ ಮಂಡಿ ಸವೆದಿದ್ದವು. ಮೊದಲು ಎಡಗಾಲಿನ ಮಂಡಿ ಬದಲಿಸುವುದು, ಕೆಲವು ತಿಂಗಳ ನಂತರ ಬಲಗಾಲಿನದು ಎಂದು ಮೂಳೆ ವೈದ್ಯರು ನಿರ್ಧರಿಸಿದ್ದರು. ತಪಾಸಣೆಗೆ ಮಗನ ಜೊತೆ ಬಂದಿದ್ದರು. ನಾನು ಕೇಳಿದೆ: “ಅಮ್ಮಾ, ಯಾವ್ಯಾವ ಕಾಯಿಲೆಗೆ ಮಾತ್ರೆ ತಗೊಳ್ತೀರಿ?” “ಬಿಪಿಗೆ ಒಂದೇ ಡಾಕ್ಟ್ರಮ್ಮ. ಸಕ್ಕರೆ ಇಲ್ಲ, ಉಬ್ಬಸ ಇಲ್ಲ.” ಅಲ್ಲಿಗೆ ನಾನು ಎದೆ ಪರೀಕ್ಷೆಗೆ ಇಳಿದೆ, ಬಾಯಿ ತೆರೆಸಿ ಹಲ್ಲು ನೋಡಿದೆ, ಬೆನ್ನು ನೋಡಿದೆ.

ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದು ಕಾಯಿಲೆಯ ಬಗ್ಗೆ. ನಿದ್ದೆ ಬಾರದಿರುವುದು ಅವರ ಲೆಕ್ಕದಲ್ಲಿ ಕಾಯಿಲೆಯಲ್ಲ, ವಯಸ್ಸು. ಆಯುರ್ವೇದದ ಗುಳಿಗೆ ಔಷಧಿಯಲ್ಲ, ‘ಮನೆಮದ್ದಿನ ಥರ’. ಮಗಳು ಅಮೆರಿಕದಿಂದ ತಂದುಕೊಟ್ಟ ಅರಿಸಿನದ ಕ್ಯಾಪ್ಸೂಲು ‘ಶಕ್ತಿಗೆ’. ಜೊತೆಗೆ ಇನ್ನೊಂದು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಎಡಗಾಲು

ಭಾನುವಾರ ರಾತ್ರಿ ಮನೆಯಲ್ಲಿ ಮಲಗಿದರು. ಸೋಮವಾರ ಮಧ್ಯಾಹ್ನ ದಾಖಲಾದರು. ಆಪರೇಷನ್ನಿನ ಹಿಂದಿನ ರಾತ್ರಿ ದಿಗಿಲು ಕಡಿಮೆಯಾಗಲಿ ಎಂದು ಅಲ್ಪ್ರಜೋಲಾಮ್ 0.25 ಮಿ.ಗ್ರಾಂ ಕೊಡುವ ರೂಢಿ ಆ ವಾರ್ಡಿನಲ್ಲಿತ್ತು, ಅವರಿಗೂ ಕೊಟ್ಟರು. ‘ರಾತ್ರಿ ನಿದ್ದೆ ಇಲ್ಲ’ ಎಂದು ನರ್ಸ್ ಬರೆದಿದ್ದಾರೆ. ಹೊಸ ಜಾಗ, ಆಪರೇಷನ್ ಭಯ ಎಂದು ನಾವೆಲ್ಲ ಅದನ್ನು ದಾಟಿ ಹೋದೆವು.

ಮಂಗಳವಾರ ಬೆಳಿಗ್ಗೆ ಬೆನ್ನುಹುರಿಗೆ ಅರಿವಳಿಕೆ ಕೊಟ್ಟೆ, ಸ್ಪೈನಲ್ ಅನ್ನುತ್ತೇವಲ್ಲ, ಅದು. ಸ್ಪೈನಲ್ ಕೊಟ್ಟ ಮೇಲೆ ಸೊಂಟದ ಕೆಳಗಿನ ರಕ್ತನಾಳಗಳು ಸಡಿಲಗೊಂಡು ಬಿಪಿ ಒಂದಿಷ್ಟು ಇಳಿಯುವುದು ಸಾಮಾನ್ಯ. ಇವರದು 142 ಇದ್ದದ್ದು 78ಕ್ಕೆ ಬಂತು. ಇಂಥ ಹೊತ್ತಿಗೆ ನಮ್ಮ ಟ್ರೇಯಲ್ಲಿ ಮೆಫೆಂಟರ್ಮಿನ್ ತುಂಬಿದ ಸಿರಿಂಜು ಸಿದ್ಧವಿರುತ್ತದೆ. 6 ಮಿ.ಗ್ರಾಂ ಕೊಟ್ಟೆ, ಬಿಪಿ 84 ಆಯಿತು. ಮತ್ತೆ 6, ಮತ್ತೆ 6. ಮೂರು ಸಲ ಕೊಟ್ಟರೂ 90 ದಾಟಲಿಲ್ಲ. ಆಮೇಲೆ ಫೆನೈಲೆಫ್ರಿನ್ ಕೊಟ್ಟಾಗ ಒಂದೆರಡು ನಿಮಿಷದಲ್ಲಿ 118 ಆಯಿತು. ದೊಡ್ಡ ಅಪಾಯವೇನೂ ಆಗಲಿಲ್ಲ. ಆದರೂ ಮೊದಲಿನ ಔಷಧಿ ಯಾಕೆ ನಾಟಲಿಲ್ಲ ಎಂಬ ಪ್ರಶ್ನೆಯನ್ನು ಚಾರ್ಟಿನ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಾಗಿ ಬರೆದಿಟ್ಟೆ.

ಬುಧವಾರ ಬೆಳಿಗ್ಗೆ ಚೆನ್ನಾಗಿದ್ದರು. ಸಂಜೆ ಕಾಫಿ ಲೋಟ ಹಿಡಿದ ಕೈ ನಡುಗಿತು ಎಂದು ಸೊಸೆ ಹೇಳಿದರಂತೆ. ಹಣೆಯಲ್ಲಿ ಬೆವರು, ನಾಡಿ 112, ಬಿಪಿ 170. ನೋವಿರಬೇಕು ಎಂದುಕೊಂಡು ಟ್ರಮಡಾಲ್ ಇಂಜೆಕ್ಷನ್ ಕೊಟ್ಟರು. ನಡುರಾತ್ರಿ ಎರಡೂವರೆಗೆ ಟೀಚರಮ್ಮ ಹಾಸಿಗೆಯಿಂದ ಇಳಿಯಲು ನೋಡಿದರು. ಬೆಲ್ ಹೊಡೆದಿದೆ, ಮಕ್ಕಳು ಸಾಲಿನಲ್ಲಿ ನಿಂತಿದ್ದಾರೆ, ಹಾಜರಿ ತೆಗೆದುಕೊಳ್ಳಬೇಕು ಎನ್ನುತ್ತಿದ್ದರು. ಕೈಗೆ ಹಾಕಿದ್ದ ಡ್ರಿಪ್ ಕಿತ್ತುಕೊಂಡಿದ್ದರು. ಹೊಸ ಮಂಡಿಯ ಮೇಲೆ ಒಬ್ಬರೇ ಇಳಿದು ಬಿದ್ದಿದ್ದರೆ ಇಡೀ ಆಪರೇಷನ್ ನೀರುಪಾಲಾಗುತ್ತಿತ್ತು.

ನಾನು ಹೋಗುವಷ್ಟರಲ್ಲಿ ನಾಡಿ 128 ಆಗಿತ್ತು, ಮೈಯೆಲ್ಲ ಬೆವರು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗೆ ಬುದ್ಧಿ ಕದಡುವುದು ಹೊಸದಲ್ಲ. ಅದಕ್ಕೆ ನೋಡಬೇಕಾದ್ದನ್ನೆಲ್ಲ ನೋಡಿದೆವು. ಜ್ವರ ಇಲ್ಲ, ಆಮ್ಲಜನಕ 97, ಸಕ್ಕರೆ ಸರಿ, ಸೋಡಿಯಂ 134, ಮೂತ್ರ ಕಟ್ಟಿಲ್ಲ, ಇಸಿಜಿಯಲ್ಲಿ ವೇಗ ಬಿಟ್ಟರೆ ಬೇರೇನಿಲ್ಲ. ಅಷ್ಟರಲ್ಲಿ ಅವರು “ಕನ್ನಡಕ ಕೊಡು, ಹಾಜರಿ ಪುಸ್ತಕ ಕಾಣಿಸ್ತಿಲ್ಲ” ಎಂದು ಸೊಸೆಯನ್ನು ಗದರಿದರು. ಸೊಸೆ ಡಬ್ಬಿ ತೆರೆದರು. ಕನ್ನಡಕದ ಕೆಳಗೆ, ಗಾಜು ಒರೆಸುವ ಬಟ್ಟೆಯ ಮಡಿಕೆಯಲ್ಲಿ, ಕತ್ತರಿಯಿಂದ ಕತ್ತರಿಸಿದ ಅರ್ಧ ಸ್ಟ್ರಿಪ್ ಇತ್ತು. ಹೆಸರು ಅಚ್ಚಾಗಿದ್ದ ಕಡೆಯೇ ಕತ್ತರಿ ಬಿದ್ದಿತ್ತು. ಉಳಿದದ್ದು ‘...ಜೋಲಾಮ್’ ಮತ್ತು ‘0.5’ ಅಷ್ಟೇ.

ಸೊಸೆ ನನ್ನನ್ನು ಕಾರಿಡಾರಿಗೆ ಕರೆದರು. “ಮಾವ ಹೋದಾಗಿಂದ ತಗೋತಿದಾರೆ ಮೇಡಂ, ಒಂಬತ್ತು ವರ್ಷ ಆಯ್ತು. ಮೊದಲು ಒಂದು, ಈಗ ರಾತ್ರಿ ಎರಡು. ಎರಡು ವರ್ಷದ ಹಿಂದೆ ಇವರಿಗೆ ಗೊತ್ತಾಗಿ ಜಗಳ ಆಗಿತ್ತು, ಬಿಟ್ಟೆ ಅಂತ ಅತ್ತೆ ಹೇಳಿದ್ರು. ಬಿಟ್ಟಿರಲಿಲ್ಲ.” ನಾನು ಮುಂದೆ ಹೇಳುತ್ತೇನೆ ಎಂದ ಕಾರಣ ಇದು. ತಪಾಸಣೆಯ ದಿನ ಆ ಮಗನೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಆ ಸ್ಟ್ರಿಪ್ ಯಾಕೆ ಚಿಕಿತ್ಸೆಯನ್ನೇ ತಿರುಗಿಸಿತು

ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ನೈಟ್ರಜೆಪಾಮ್, ಡಯಜೆಪಾಮ್ ಎಲ್ಲವೂ ಬೆಂಜೊಡಯಜೆಪೀನ್ ಎಂಬ ಒಂದೇ ಗುಂಪಿನವು. ಮೆದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಇವು ಹೆಚ್ಚಿಸುತ್ತವೆ. ವರ್ಷಗಟ್ಟಲೆ ಪ್ರತಿ ರಾತ್ರಿ ತೆಗೆದುಕೊಂಡರೆ ಮೆದುಳು ತನ್ನ ಬ್ರೇಕನ್ನು ತಾನೇ ಸಡಿಲಿಸಿಕೊಂಡು ಮಾತ್ರೆಯ ಬ್ರೇಕಿನ ಮೇಲೆ ಓಡಲು ಶುರುಮಾಡುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ಎರಡು ಬ್ರೇಕೂ ಇರುವುದಿಲ್ಲ. ಕೈನಡುಕ, ಬೆವರು, ಎದೆಬಡಿತ, ನಿದ್ದೆಗೇಡು, ಬುದ್ಧಿಭ್ರಮೆ, ಕೆಲವರಿಗೆ ಫಿಟ್ಸ್ ಬರುವುದು ಆಗ. ಅಲ್ಪ್ರಜೋಲಾಮಿನ ಅರ್ಧಭಾಗ ರಕ್ತದಿಂದ ಹೋಗಲು ಸುಮಾರು 11 ಗಂಟೆ ಸಾಕು, ವಯಸ್ಸಾದವರಲ್ಲಿ ಸುಮಾರು 16. ಹಾಗಾಗಿ ಭಾನುವಾರ ರಾತ್ರಿಯ 1 ಮಿ.ಗ್ರಾಂ, ಸೋಮವಾರದ ಕಾಲುಪಾಲು, ಮಂಗಳವಾರ ಏನೂ ಇಲ್ಲ, ಬುಧವಾರ ಸಂಜೆ ನಡುಕ ಎನ್ನುವುದು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ಆಪರೇಷನ್ ಆದ ಮೇಲೆ ವಯಸ್ಸಾದವರ ಬುದ್ಧಿ ಕದಡಿದರೆ, ಬೆಂಜೊಡಯಜೆಪೀನ್ ಕೊಡಬಾರದು ಎಂಬುದು ನಮಗೆ ಕಲಿಸಿದ ಮೊದಲ ಪಾಠ. ಅದು ಗೊಂದಲವನ್ನು ಇನ್ನೂ ಕೆಡಿಸುತ್ತದೆ. ಆದರೆ ಇದೇ ಗುಂಪಿನ ಮಾತ್ರೆ ನಿಂತದ್ದರಿಂದಲೇ ಕದಡಿದ್ದರೆ, ಮದ್ದು ಅದೇ ಬೆಂಜೊಡಯಜೆಪೀನ್. ಹೊರಗಿನಿಂದ ನೋಡಿದರೆ ಇಬ್ಬರೂ ರೋಗಿಗಳು ಒಂದೇ ರೀತಿ ಮಾತಾಡುತ್ತಾರೆ, ಒಂದೇ ರೀತಿ ಡ್ರಿಪ್ ಕೀಳುತ್ತಾರೆ. ನಡುಕ, ಬೆವರು, ಓಡುವ ನಾಡಿ, ಏರಿದ ಬಿಪಿ ನಾಲ್ಕೂ ಒಟ್ಟಿಗೆ ಇದ್ದರೆ ಅನುಮಾನ ಬರುತ್ತದೆ, ಆದರೆ ನೋವು ಮತ್ತು ಸೋಂಕು ಕೂಡ ಹೀಗೆ ಮಾಡಬಲ್ಲವು. ಆ ರಾತ್ರಿ ಯಾವ ದಾರಿ ಎಂದು ನನಗೆ ತೋರಿಸಿದ್ದು ಯಾವ ರಕ್ತಪರೀಕ್ಷೆಯೂ ಅಲ್ಲ, ಆ ಅರ್ಧ ಸ್ಟ್ರಿಪ್.

ಆಮ್ಲಜನಕ ಮತ್ತು ಉಸಿರಾಟದ ಮೇಲೆ ಕಣ್ಣಿಟ್ಟುಕೊಂಡು ಅದೇ ಗುಂಪಿನ ಲೊರಾಜೆಪಾಮ್ 1 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟೆ. ಅರ್ಧ ಗಂಟೆಯಲ್ಲಿ ನಾಡಿ 100ರ ಕೆಳಗೆ ಬಂತು, ಕೈನಡುಕ ನಿಂತಿತು. ಬೆಳಿಗ್ಗೆ ಹೊತ್ತಿಗೆ “ರಾತ್ರಿ ಏನಾದ್ರೂ ಅಂದ್ನಾ?” ಎಂದು ನಾಚಿಕೊಂಡು ಕೇಳಿದರು. ಅವರ ಎಂದಿನ ರಾತ್ರಿ ಪ್ರಮಾಣವನ್ನು ಚಾರ್ಟಿಗೆ ಸೇರಿಸಿದೆವು. ಟ್ರಮಡಾಲ್ ನಿಲ್ಲಿಸಿದೆವು, ಏಕೆಂದರೆ ಅದು ತಾನಾಗಿಯೇ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಬೆಂಜೊಡಯಜೆಪೀನ್ ನಿಂತ ಮೆದುಳಿಗೆ ಅದನ್ನು ಕೊಡುವುದು ಒಣಹುಲ್ಲಿನ ಪಕ್ಕ ಕಡ್ಡಿ ಗೀರಿದ ಹಾಗೆ. ಬುಧವಾರ ಸಂಜೆ ಕೊಟ್ಟದ್ದು ಅದನ್ನೇ. ಫಿಟ್ಸ್ ಬಾರದಿದ್ದದ್ದು ಅವರ ಅದೃಷ್ಟ. ನಡಿಗೆ ಅಭ್ಯಾಸ ಎರಡು ದಿನ ತಡವಾಯಿತು.

ಬಟ್ಟೆಯ ಚೀಲ

ಏಳು ತಿಂಗಳ ಮೇಲೆ ಬಲಗಾಲಿಗೆ ಬಂದರು. ದಿನಾಂಕ ಗೊತ್ತು ಮಾಡುವ ಮೊದಲೇ ಬರಲು ನಾನು ಫೋನಿನಲ್ಲಿ ಹೇಳಿದ್ದೆ. ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವ ಮಾತ್ರೆ, ಪುಡಿ, ಲೇಹ್ಯ, ಕಷಾಯ ಎಲ್ಲವನ್ನೂ ಹಾಗೇ ಚೀಲಕ್ಕೆ ಹಾಕಿ ತನ್ನಿ, ಪಟ್ಟಿ ಬೇಡ, ಡಬ್ಬಿಯೇ ಬರಲಿ ಎಂದಿದ್ದೆ. ಈ ಸಲ ಮಗನನ್ನು ಬಿಲ್ ಕೌಂಟರಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಕೂತೆವು. ಪ್ರಶ್ನೆಯನ್ನೂ ಬದಲಿಸಿದೆ. “ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಏನೇನು ನುಂಗ್ತೀರಿ, ಏನೇನು ಕುಡೀತೀರಿ?”

ಅಲ್ಪ್ರಜೋಲಾಮ್ ಮೊದಲು ಮೇಜಿನ ಮೇಲೆ ಬಂತು, ಈ ಸಲ ಪೂರ್ತಿ ಸ್ಟ್ರಿಪ್. ಅದರ ಬಗ್ಗೆ ನನಗೆ ಬೇಕಾದದ್ದು ಹೆಸರು ಮಾತ್ರವಲ್ಲ. ಎಷ್ಟು ಮಿಲಿಗ್ರಾಂ, ರಾತ್ರಿಗೆ ಎಷ್ಟು, ಎಷ್ಟು ವರ್ಷದಿಂದ, ಮಧ್ಯೆ ಎದ್ದರೆ ಇನ್ನೊಂದು ಹಾಕಿಕೊಳ್ಳುತ್ತೀರಾ, ಕೊನೆಯದು ಯಾವಾಗ ತೆಗೆದುಕೊಂಡಿರಿ. ಆಮೇಲೆ, ಇವೆಲ್ಲಕ್ಕಿಂತ ನಾನು ನೆಚ್ಚುವ ಒಂದು ಪ್ರಶ್ನೆ: “ಎರಡು ದಿನ ತಪ್ಪಿದರೆ ಏನಾಗುತ್ತೆ?” ಟೀಚರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಒಂದ್ಸಲ ಧರ್ಮಸ್ಥಳಕ್ಕೆ ಹೋದಾಗ ಮಾತ್ರೆ ಮರೆತಿದ್ದೆ. ಎರಡನೇ ರಾತ್ರಿ ಎದೆ ಹೊಡ್ಕೊಳ್ತು, ಕೈ ನಡುಗ್ತು. ಬಿಪಿ ಅಂದ್ಕೊಂಡೆ.” ಮೊದಲ ಆಪರೇಷನ್ನಿಗೆ ಮುಂಚೆ ಈ ಒಂದು ಮಾತು ಸಿಕ್ಕಿದ್ದರೆ ಆ ಬುಧವಾರದ ರಾತ್ರಿ ಬರುತ್ತಲೇ ಇರಲಿಲ್ಲ.

ಅವರು ತಕ್ಷಣ ಕೇಳಿದ್ದು, “ಹಾಗಾದ್ರೆ ಇವತ್ತಿಂದ ಬಿಟ್ಬಿಡ್ಲಾ?” ಬಹಳ ಜನ ಹೀಗೇ ಮಾಡುತ್ತಾರೆ. ಅರಿವಳಿಕೆ ವೈದ್ಯರು ಬೈದಾರು ಎಂದು ಆಪರೇಷನ್ನಿಗೆ ಒಂದು ವಾರ ಮುಂಚೆ ತಾವೇ ನಿಲ್ಲಿಸಿ ಬರುತ್ತಾರೆ. ಅದೇ ಎಲ್ಲಕ್ಕಿಂತ ಕೆಟ್ಟ ದಾರಿ. ಒಂಬತ್ತು ವರ್ಷದ ಮಾತ್ರೆಯನ್ನು ಬಿಡಿಸಲು ತಿಂಗಳುಗಳು ಬೇಕು, ಕೆಲವು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಮಾತ್ರ ಇಳಿಸುತ್ತ ಹೋಗಬೇಕು. ಅದನ್ನು ಆಪರೇಷನ್ನಿನ ನೋವು, ನಿದ್ದೆಗೇಡಿನ ಜೊತೆ ಸೇರಿಸಬಾರದು. “ಈಗ ಎಷ್ಟು ತಗೊಳ್ತೀರೋ ಅಷ್ಟೇ ತಗೊಳ್ಳಿ. ಹೆಚ್ಚೂ ಬೇಡ, ಕಡಿಮೆನೂ ಬೇಡ. ಬಿಡೋ ಮಾತು ಕಾಲು ಗುಣವಾದ ಮೇಲೆ” ಎಂದೆ.

ಮುಂದೆ ಬಂದದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ನಿದ್ದೆಗೆ ಎಂದು ಅಂಗಡಿಯವರೇ ಕೊಟ್ಟಿದ್ದ ಆಯುರ್ವೇದದ ಗುಳಿಗೆ, ರಾತ್ರಿ ಎರಡು, ನಾಲ್ಕು ವರ್ಷದಿಂದ. ಲೇಬಲ್ ತಿರುಗಿಸಿ ಓದಿದೆ. ಜಟಾಮಾಂಸಿ, ಅಶ್ವಗಂಧ, ಸರ್ಪಗಂಧ. ಸರ್ಪಗಂಧ ಎಂಬ ಹೆಸರು ಕಂಡದ್ದೇ ತಡ, ಹಳೆಯ ಚಾರ್ಟಿನ ಅಂಚಿನ ಪ್ರಶ್ನಾರ್ಥಕ ಚಿಹ್ನೆ ನೆನಪಾಯಿತು.

ಸರ್ಪಗಂಧ ಬಹಳ ಹಿಂದಿನಿಂದ ನಮ್ಮಲ್ಲಿ ನಿದ್ದೆಗೂ ಉನ್ಮಾದಕ್ಕೂ ಕೊಡುತ್ತಿದ್ದ ಬೇರು, ಅದರ ಶಕ್ತಿಯ ಬಗ್ಗೆ ನನಗೆ ಗೌರವವಿದೆ. ಮುಂಬೈಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ಬಿಪಿ ಇಳಿಸುವುದನ್ನು ಬರೆದು ಹೊರದೇಶದ ವೈದ್ಯರ ಗಮನಕ್ಕೆ ತಂದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಿಸರ್ಪಿನ್ ಮಾಡುವ ಕೆಲಸ ಏನೆಂದರೆ, ನರದ ತುದಿಗಳಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಉಗ್ರಾಣವನ್ನು ಖಾಲಿ ಮಾಡುವುದು. ಬಿಪಿ ಬಿದ್ದಾಗ ದೇಹ ಕೈಹಾಕುವುದು ಆ ಉಗ್ರಾಣಕ್ಕೇ. ಮೆಫೆಂಟರ್ಮಿನ್, ಎಫಿಡ್ರಿನ್‌ಗಳಂಥ ಔಷಧಿಗಳೂ ಬಹುಪಾಲು ಆ ಉಗ್ರಾಣದಿಂದ ನಾರ್‌ಅಡ್ರಿನಲಿನ್ ಹೊರಗೆ ತರಿಸಿಯೇ ಬಿಪಿ ಏರಿಸುವುದು. ಉಗ್ರಾಣ ಬರಿದಾಗಿದ್ದರೆ ಎಷ್ಟು ಸಲ ಬಾಗಿಲು ತಟ್ಟಿದರೂ ಏನೂ ಬರುವುದಿಲ್ಲ. ಫೆನೈಲೆಫ್ರಿನ್, ನಾರ್‌ಅಡ್ರಿನಲಿನ್ ನೇರವಾಗಿ ರಕ್ತನಾಳದ ಮೇಲೆ ಕೆಲಸ ಮಾಡುತ್ತವೆ, ಅವಕ್ಕೆ ಉಗ್ರಾಣ ಬೇಕಿಲ್ಲ.

ಟೀಚರಮ್ಮನಿಗೆ ಆದದ್ದು ಇದರಿಂದಲೇ ಎಂದು ನಾನು ಸಾಧಿಸಲಾರೆ. ಸ್ಪೈನಲ್ ಒಂದೇ ಕೂಡ ಬಿಪಿಯನ್ನು ಹಾಗೆ ಬೀಳಿಸಬಲ್ಲದು, ಅಮ್ಲೋಡಿಪಿನ್ನಿನ ಪಾಲೂ ಇದ್ದೀತು. ಆದರೆ ಮೂರು ಸಲ ಸೋತ ಔಷಧಿ, ಮೊದಲ ಸಲಕ್ಕೇ ಗೆದ್ದ ಔಷಧಿ, ಡಬ್ಬಿಯ ಮೇಲಿನ ಹೆಸರು ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ರಿಸರ್ಪಿನ್ನಿನ ಪರಿಣಾಮ ಮಾತ್ರೆ ನಿಂತ ಮೇಲೂ ಒಂದೆರಡು ವಾರ ಉಳಿಯುತ್ತದೆ. ಆದ್ದರಿಂದ ಆಪರೇಷನ್ನನ್ನು ಮೂರು ವಾರ ಮುಂದಕ್ಕೆ ಇಟ್ಟು ಆ ಗುಳಿಗೆಯನ್ನು ಅಂದೇ ನಿಲ್ಲಿಸಿದೆವು. ಅದು ಬಿಪಿಯನ್ನೂ ಇಳಿಸುತ್ತಿದ್ದುದರಿಂದ, ನಿಲ್ಲಿಸಿದ ಮೇಲೆ ದಿನ ಬಿಟ್ಟು ದಿನ ಬಿಪಿ ನೋಡಿಸಿದೆವು. ಎರಡನೇ ವಾರ 156ಕ್ಕೆ ಏರಿದಾಗ ಅವರ ಫಿಸಿಶಿಯನ್ ಮಾತ್ರೆ ಸರಿಪಡಿಸಿದರು. ‘ನಿಲ್ಲಿಸಿ’ ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಈ ಏರಿಕೆ ಆಪರೇಷನ್ನಿನ ದಿನ ಬೆಳಿಗ್ಗೆ ಗೊತ್ತಾಗಿ ಎಲ್ಲ ಮುಂದಕ್ಕೆ ಹೋಗುತ್ತಿತ್ತು.

ಚೀಲದಲ್ಲಿ ಉಳಿದವು ಇಷ್ಟು ಹೊತ್ತು ಬೇಡಲಿಲ್ಲ. ಅಶ್ವಗಂಧ ಲೇಹ್ಯ ತಾನೂ ಸ್ವಲ್ಪ ಮಂಪರು ತರುವುದರಿಂದ ಅದನ್ನೂ ಎರಡು ವಾರ ಮುಂಚೆ ನಿಲ್ಲಿಸಿದೆವು. ಅರಿಸಿನದ ಸತ್ವವನ್ನು ಮೆಣಸಿನ ಸತ್ವದ ಜೊತೆ ಸೇರಿಸಿದ ಕ್ಯಾಪ್ಸೂಲು ದಿನಕ್ಕೆ ಎರಡು. ಈ ಸತ್ವ ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳುವುದನ್ನು ಕಡಿಮೆ ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ, ಮಂಡಿ ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬೇರೆ ಔಷಧಿಯನ್ನೂ ಕೊಡುತ್ತೇವೆ, ಹಾಗಾಗಿ ಅದಕ್ಕೂ ಎರಡು ವಾರ ರಜೆ. “ಸಾರಿಗೆ ಅರಿಸಿನ ಹಾಕಬಹುದಾ?” ಎಂದು ಗಾಬರಿಯಿಂದ ಕೇಳಿದರು. ಸಾರಿಗೆ, ಪಲ್ಯಕ್ಕೆ, ಒಗ್ಗರಣೆಯ ಬೆಳ್ಳುಳ್ಳಿಗೆ ಏನೂ ತೊಂದರೆಯಿಲ್ಲ. ನಮ್ಮ ತಕರಾರು ಇರುವುದು ಕ್ಯಾಪ್ಸೂಲಿನಲ್ಲಿ ಒತ್ತಿ ತುಂಬಿದ ಪ್ರಮಾಣದ ಬಗ್ಗೆ. ಮೀನೆಣ್ಣೆಯಿಂದ ರಕ್ತಸ್ರಾವ ಹೆಚ್ಚುತ್ತದೆ ಎಂಬ ಹಳೆಯ ಹೆದರಿಕೆಗೆ ಈಚಿನ ಅಧ್ಯಯನಗಳಲ್ಲಿ ಬಲ ಸಿಕ್ಕಿಲ್ಲ, ನಾನು ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ನಿದ್ದೆಗೆಂದು ಮಗಳು ತಂದ ಮೆಲಟೋನಿನ್ 3 ಮಿ.ಗ್ರಾಂ ಮುಂದುವರಿಸಬಹುದು ಎಂದೆ, ಅದು ಬೇಗ ಕರಗಿ ಹೋಗುವಂಥದ್ದು, ಬಿಟ್ಟರೂ ಅಲ್ಪ್ರಜೋಲಾಮಿನಂತೆ ಕಾಡುವುದಿಲ್ಲ. ಅರಿಸಿನದಂಥ ಕ್ಯಾಪ್ಸೂಲನ್ನು ನಿಲ್ಲಿಸಲು ಮರೆತರೆ ಸಾಮಾನ್ಯವಾಗಿ ಆಪರೇಷನ್ನನ್ನೇನೂ ರದ್ದು ಮಾಡುವುದಿಲ್ಲ, ಮರೆತದ್ದನ್ನು ಹೇಳಿದರೆ ಸಾಕು. ವೈದ್ಯರು ಬರೆದುಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಬೇರೆ, ಅದನ್ನು ನಿಲ್ಲಿಸುವುದನ್ನೂ ಮುಂದುವರಿಸುವುದನ್ನೂ ಅವರೇ ಹೇಳಬೇಕು.

ಕೊನೆಗೆ ಚೀಲದ ತಳದಿಂದ ಹೆಸರಿಲ್ಲದ ಒಂದು ಪೊಟ್ಟಣ ಹೊರಬಂತು. ಮಂಡಿನೋವಿಗೆ ಯಾರೋ ಕೊಟ್ಟ ಪುಡಿ. “ಇದು ತಗೊಂಡ್ರೆ ಎರಡೇ ದಿನಕ್ಕೆ ನೋವು ಮಾಯ” ಎಂದರು. ಅಷ್ಟು ಬೇಗ ಕೆಲಸ ಮಾಡುವ ಹೆಸರಿಲ್ಲದ ನೋವಿನ ಪುಡಿ ಎಂದರೆ ನನಗೆ ಮೊದಲು ಬರುವ ಅನುಮಾನ ಸ್ಟಿರಾಯ್ಡ್, ಇಂಥ ಪುಡಿಗಳಲ್ಲಿ ಅದು ಬೆರೆತಿರುವುದು ಹಲವು ಸಲ ಪತ್ತೆಯಾಗಿದೆ. ವಾರಗಟ್ಟಲೆ ತೆಗೆದುಕೊಂಡಿದ್ದರೆ ದೇಹ ತನ್ನ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಆಗ ಆಪರೇಷನ್ನಿನ ಒತ್ತಡದಲ್ಲಿ ಬಿಪಿ ಕೈಕೊಡಬಹುದು. ಇವರು ವರ್ಷದ ಹಿಂದೆ ನಾಲ್ಕೈದು ದಿನ ಮಾತ್ರ ತೆಗೆದುಕೊಂಡು ಬಿಟ್ಟಿದ್ದರು. ಅಷ್ಟು ತಿಳಿದದ್ದು ಸಾಕಾಯಿತು.

ಬಲಗಾಲು

ದಾಖಲಾದ ದಿನ ಟೀಚರಮ್ಮ ತಮ್ಮ ಸ್ಟ್ರಿಪ್ಪನ್ನು ನರ್ಸ್ ಕೈಗೆ ಎಣಿಸಿ ಕೊಟ್ಟರು. ಇದು ನಾನು ಹಾಕಿದ ಷರತ್ತು. ವಾರ್ಡಿನಲ್ಲಿ ನಾವು ಒಂದು ಮಾತ್ರೆ ಕೊಟ್ಟು, ಅವರು ದಿಂಬಿನ ಕೆಳಗಿನಿಂದ ಇನ್ನೆರಡು ಹಾಕಿಕೊಂಡು, ಅದರ ಮೇಲೆ ನೋವಿಗೆ ಮಾರ್ಫಿನ್ ಜಾತಿಯ ಇಂಜೆಕ್ಷನ್ ಬಿದ್ದರೆ ನಿದ್ದೆಯಲ್ಲೇ ಉಸಿರು ಕುಗ್ಗುತ್ತದೆ. ಮುಚ್ಚಿಟ್ಟರೆ ಮಾತ್ರೆ ತಪ್ಪಿ ಹೋಗುವುದಷ್ಟೇ ಅಲ್ಲ, ಎರಡು ಪಾಲು ಬೀಳುವ ಅಪಾಯವೂ ಇದೆ. ಅಂಥವರನ್ನು ಎಬ್ಬಿಸಲು ಬೆಂಜೊಡಯಜೆಪೀನಿಗೆ ಪ್ರತಿಮದ್ದಾದ ಫ್ಲುಮಜೆನಿಲ್ ಕೊಟ್ಟರೆ, ವರ್ಷಗಟ್ಟಲೆ ಈ ಮಾತ್ರೆ ತಿಂದವರಿಗೆ ಫಿಟ್ಸ್ ಬರಬಹುದು. ಗೊತ್ತಿಲ್ಲದ ವೈದ್ಯ ಒಳ್ಳೆಯ ಉದ್ದೇಶದಿಂದಲೇ ಈ ತಪ್ಪು ಮಾಡಬಲ್ಲ.

ಹಿಂದಿನ ರಾತ್ರಿ ಅವರ ಎಂದಿನ 1 ಮಿ.ಗ್ರಾಂ, ವಾರ್ಡಿನ ಚಾರ್ಟಿನ ಪ್ರಕಾರ. ಬೆಳಿಗ್ಗೆ ಖಾಲಿ ಹೊಟ್ಟೆ ಇದ್ದರೂ ಬಿಪಿ ಮಾತ್ರೆಯನ್ನು ಎರಡು ಗುಟುಕು ನೀರಿನಲ್ಲಿ ಕೊಟ್ಟೆವು. ಥಿಯೇಟರಿನಲ್ಲಿ ಮಂಪರಿಗೆಂದು ಕೊಡುವ ಮಿಡಜೋಲಾಮ್ ಕೈಬಿಟ್ಟೆ. ಮೆಫೆಂಟರ್ಮಿನ್ ಬದಲು ಫೆನೈಲೆಫ್ರಿನ್ ಸಿರಿಂಜನ್ನು ಮೊದಲೇ ತುಂಬಿಟ್ಟೆ. ಬಿಪಿ 104ಕ್ಕೆ ಇಳಿಯಿತು, ಒಂದು ಸಲ ಕೊಟ್ಟದ್ದು ಸಾಕಾಯಿತು. ನೋವಿನ ಇಂಜೆಕ್ಷನ್ ಕಡಿಮೆ ಬೇಕಾಗಲಿ ಎಂದು ತೊಡೆಯ ಒಳಭಾಗದಲ್ಲಿ ಮಂಡಿಯ ನರದ ಸುತ್ತ ಮರಗಟ್ಟಿಸುವ ಔಷಧಿ ಹಾಕಿದೆ. ಪ್ಯಾರಸಿಟಮಾಲ್ ಹೊತ್ತು ಹೊತ್ತಿಗೆ ಹೋಯಿತು, ಟ್ರಮಡಾಲ್ ಬೇಡ ಎಂದು ಫೈಲಿನ ಮೇಲೆಯೇ ಕೆಂಪಕ್ಷರದಲ್ಲಿ ಬರೆಸಿದೆ.

ಆಪರೇಷನ್ ಆದ ರಾತ್ರಿ ಅದೇ ಮಾತ್ರೆ, ಅದೇ ಹೊತ್ತಿಗೆ. ಆದರೆ ನರ್ಸಿಗೆ ಒಂದು ಸೂಚನೆ ಇತ್ತು: ಕರೆದರೆ ಸರಿಯಾಗಿ ಉತ್ತರ ಕೊಡುತ್ತಿದ್ದರೆ ಮಾತ್ರ ಕೊಡಿ, ತೂಕಡಿಸುತ್ತಿದ್ದರೆ ನನಗೆ ಫೋನ್ ಮಾಡಿ, ಕೊಟ್ಟ ಮೇಲೆ ಬೆಳಗಿನವರೆಗೂ ಆಮ್ಲಜನಕ ನೋಡುವ ಬೆರಳಿನ ಕ್ಲಿಪ್ ತೆಗೆಯಬೇಡಿ. ಎರಡನೇ ರಾತ್ರಿ ಒಂದು ಗಂಟೆವರೆಗೆ ಹೊರಳಾಡಿದರು, ನೋವಿತ್ತು, ಆದರೆ ಕೈ ನಡುಗಲಿಲ್ಲ, ಯಾವ ಮಕ್ಕಳೂ ಸಾಲಿನಲ್ಲಿ ನಿಂತಿರಲಿಲ್ಲ. ಮರುದಿನ ವಾಕರ್ ಹಿಡಿದು ಬಾಗಿಲವರೆಗೆ ನಡೆದರು.

ಇದೇ ಜಾಗದಲ್ಲಿ ಕ್ಲೋನಜೆಪಾಮ್ ಇದ್ದಿದ್ದರೆ ಕಥೆ ಸ್ವಲ್ಪ ಬೇರೆ. ಅದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ನಡುಕ, ಗೊಂದಲ ತಡವಾಗಿ, ಕೆಲವೊಮ್ಮೆ ಮನೆಗೆ ಕಳಿಸಿದ ಮೇಲೆ ಶುರುವಾಗುತ್ತದೆ. ಜೋಲ್ಪಿಡೆಮ್ ಬೇಗ ಹೋಗುವ ಮಾತ್ರೆ, ಆದರೆ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡವರಿಗೆ ಅದೂ ಹೀಗೇ ಕಾಡಬಲ್ಲದು. ಅಮಿಟ್ರಿಪ್ಟಿಲಿನ್ ‘ನರದ ಮಾತ್ರೆ’ ಎಂಬ ಹೆಸರಿನಲ್ಲಿ ನಿದ್ದೆಗೂ ಬಳಕೆಯಲ್ಲಿದೆ, ಅದರ ಜೊತೆಗೂ ಟ್ರಮಡಾಲ್ ಹೊಂದುವುದಿಲ್ಲ. ನಿದ್ದೆಗೆಂದು ರಾತ್ರಿ ದಿನಾ ಒಂದೆರಡು ಪೆಗ್ ಹಾಕುವವರೂ ಅದನ್ನು ಹೀಗೇ ಲೆಕ್ಕ ಸಮೇತ ಹೇಳಬೇಕು, ಮದ್ಯ ನಿಂತಾಗಲೂ ಮೆದುಳು ಇದೇ ರೀತಿ ಸಿಡಿಯುತ್ತದೆ. ‘ನಿದ್ದೆ ಮಾತ್ರೆ’ ಎಂದಷ್ಟೇ ಹೇಳಿದರೆ ಇವುಗಳಲ್ಲಿ ಯಾವುದು ಎಂದು ನಮಗೆ ಗೊತ್ತಾಗುವುದಿಲ್ಲ. ಸ್ಟ್ರಿಪ್ಪಿನ ಹೆಸರಿರುವ ಬದಿಯ ಫೋಟೊ ಫೋನಿನಲ್ಲಿದ್ದರೂ ಸಾಕು.

ಮನೆಗೆ ಹೋಗುವ ದಿನ ಟೀಚರಮ್ಮ ಮಗನನ್ನು ಕರೆದು, ನನ್ನೆದುರಿಗೇ ಒಂಬತ್ತು ವರ್ಷದ ವಿಷಯ ತಾವೇ ಹೇಳಿದರು. ಅವರು ಏನೂ ಬೈಯಲಿಲ್ಲ. “ಮೊದಲೇ ಹೇಳ್ಬಾರ್ದಿತ್ತಾ ಅಮ್ಮಾ” ಎಂದು ಚೀಲ ಎತ್ತಿಕೊಂಡರು. ಆರು ವಾರ ಕಳೆದು ನೋವು ತಗ್ಗಿದ ಮೇಲೆ ಮನೋವೈದ್ಯರು ಮಾತ್ರೆ ಇಳಿಸಲು ಶುರುಮಾಡಿದರು, ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ. ಒಂದು ತಿಂಗಳು ತಡೆಯಲಾಗದೆ ಹಿಂದಿನ ಪ್ರಮಾಣಕ್ಕೇ ಮರಳಿ, ಎರಡು ತಿಂಗಳು ಅಲ್ಲೇ ನಿಂತು, ಮತ್ತೆ ಇಳಿಸಿದರು. ಕಳೆದ ಸಲ ಬಂದಾಗ ರಾತ್ರಿಗೆ 0.5ರಲ್ಲಿದ್ದರು. ಹಾಜರಿ ಪುಸ್ತಕದಂತೆ ಗೆರೆ ಎಳೆದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿಯ ಎದುರು ಎಷ್ಟು ತೆಗೆದುಕೊಂಡೆ, ಎಷ್ಟು ಗಂಟೆಗೆ ನಿದ್ದೆ ಬಂತು ಎಂದು ಬರೆದಿಟ್ಟಿದ್ದರು.